ಶುಕ್ರವಾರ ಕಟ್ಟಿದ ದುಡ್ಡು ಮಂಗಳವಾರ ಬಂತು

"ಅಂಗಡೀಲಿ ಕ್ಯೂಆರ್‌ಗೆ ಹಾಕಿದ್ರೆ ಆಗಲೇ ಟಣ್ ಅಂತ ಬರುತ್ತೆ. ಅದೇ ದುಡ್ಡು ವೆಬ್‌ಸೈಟಲ್ಲಿ ಹಾಕಿದ್ರೆ ಯಾಕೆ ನಾಲ್ಕು ದಿನ ಎಲ್ಲೋ ಕೂತಿರುತ್ತೆ?"

ಇದು ನಮ್ಮ ಅತ್ತಿಗೆ ಕೇಳಿದ ಪ್ರಶ್ನೆ. ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಹೋಗುವ ರಸ್ತೆಯಿಂದ ಒಳಗಿರುವ ನಮ್ಮೂರಿನಲ್ಲಿ ಏಳು ಜನ ಹೆಂಗಸರು ಸೇರಿ ಹುರಿಹಿಟ್ಟು, ಚಟ್ನಿಪುಡಿ ಮಾಡಿ ಮಾರುತ್ತಾರೆ. ಮೊದಲೆಲ್ಲ ವಾಟ್ಸಾಪಿನಲ್ಲೇ ಆರ್ಡರ್, ಕ್ಯೂಆರ್ ಕೋಡಿಗೇ ದುಡ್ಡು. 2025ರ ದಸರಾ ಹೊತ್ತಿಗೆ ಮೈಸೂರಿನ ಒಬ್ಬ ಹುಡುಗನ ಕೈಲಿ ಚಿಕ್ಕದೊಂದು ಸೈಟ್ ಮಾಡಿಸಿದರು. ಇರುವುದು ಒಂದೇ ಪುಟ. ಅದರಲ್ಲಿ ದೀಪಾವಳಿಗೆ 'ಹಬ್ಬದ ಡಬ್ಬಿ' ಅಂತ ಒಂದೇ ಸಾಮಾನು, ಕೊರಿಯರ್ ಸೇರಿ ₹500. ಡಬ್ಬಿಯಲ್ಲಿ ಅರ್ಧ ಕೆಜಿ ಹುರಿಹಿಟ್ಟು, ಚಟ್ನಿಪುಡಿ, ಕೆ.ಆರ್. ನಗರದ ಕಡೆಯ ಅಕ್ಕಿ ಹಪ್ಪಳ, ಎಚ್.ಡಿ. ಕೋಟೆಯ ಕಡೆಯಿಂದ ಬರುವ ಜೇನಿನ ಒಂದು ಪುಟ್ಟ ಬಾಟಲಿ.

ಡಬ್ಬಿ ಕಟ್ಟುವುದೇನೂ ಕಷ್ಟವಲ್ಲ. ಕಷ್ಟ ಇರುವುದು ಸಾಮಾನು ಕೊಟ್ಟವರಿಗೆ ದುಡ್ಡು ಕೊಡುವುದರಲ್ಲಿ. ಹಪ್ಪಳದವರು ಪರಿಚಯದವರು, ವಾರ ತಡೆಯುತ್ತಾರೆ. ಜೇನು ತರುವವರು ಹಾಡಿಯಿಂದ ಬಸ್ಸು ಹತ್ತಿ ಬರುವವರು, ಅವರಿಗೆ ಅವತ್ತೇ ಕೈಗೆ ನೋಟು ಬೇಕು. ರಾಗಿ ಕೊಡುವವರು ಪಿರಿಯಾಪಟ್ಟಣದ ಕಡೆಯ ರೈತರು. ಗಾಡಿಯಿಂದ ಮೂಟೆ ಇಳಿಸುವ ಮೊದಲೇ ದುಡ್ಡಿನ ಮಾತು. ಹಾಗಾಗಿ ಆರ್ಡರ್ ಎಷ್ಟು ಬಂತು ಅನ್ನುವುದಕ್ಕಿಂತ ದುಡ್ಡು ಯಾವ ದಿನ ಬ್ಯಾಂಕಿಗೆ ಬರುತ್ತದೆ ಅನ್ನುವುದೇ ಇವರಿಗೆ ದೊಡ್ಡ ಮಾತು.

ಅಕ್ಟೋಬರ್ 10, ಶುಕ್ರವಾರ ಸಂಜೆಯಿಂದ 12, ಭಾನುವಾರ ರಾತ್ರಿಯವರೆಗೆ ಸೈಟಿನಲ್ಲಿ 38 ಸಲ ದುಡ್ಡು ಕಟ್ಟಿದ್ದರು. ಅಂದರೆ ₹19,000. ಫೋನಿನ ಪರದೆ ಮೇಲೆ ಅಷ್ಟೂ ಕಾಣುತ್ತಿತ್ತು. ಸೋಮವಾರ ಬೆಳಿಗ್ಗೆ ಎರಡು ಕ್ವಿಂಟಲ್ ರಾಗಿ ಬರುವುದಿತ್ತು, ಕೆಜಿಗೆ ₹45ರಂತೆ ₹9,000. ಅವತ್ತೇ ಜೇನಿನವರಿಗೆ ₹3,000. ಒಟ್ಟು ₹12,000. ಸೋಮವಾರ ಬೆಳಿಗ್ಗೆ ಬ್ಯಾಂಕ್ ಖಾತೆ ನೋಡಿದರೆ ಆ ಹತ್ತೊಂಬತ್ತು ಸಾವಿರದಲ್ಲಿ ಒಂದು ರೂಪಾಯಿಯೂ ಬಂದಿರಲಿಲ್ಲ.

ಮೋಸ ಆಯಿತು ಅಂತ ಒಬ್ಬರು, ಸರ್ವರ್ ಡೌನು ಅಂತ ಇನ್ನೊಬ್ಬರು. ಎರಡೂ ಅಲ್ಲ. ದುಡ್ಡು ಎಲ್ಲಿರಬೇಕೋ ಅಲ್ಲೇ ಇತ್ತು. ಆ ದಾರಿಯನ್ನು ಅತ್ತಿಗೆಯ ಜತೆ ಕೂತು ಒಂದೊಂದೇ ಹೆಜ್ಜೆ ನೋಡಿಕೊಂಡು ಹೋದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕ್ಯೂಆರ್ ಕಥೆ. ಹುಣಸೂರಿನ ಪೇಟೆಯಲ್ಲಿ ಯಾರೋ ಸಂಘದ ಕ್ಯೂಆರ್ ಸ್ಕ್ಯಾನ್ ಮಾಡಿ ₹430 ಹಾಕಿದರು ಅನ್ನಿ. ಅವರ ಬ್ಯಾಂಕ್ ಅವರ ಖಾತೆಯಿಂದ ಕಳೆಯುತ್ತದೆ, ಸಂಘದ ಬ್ಯಾಂಕ್ ಸಂಘದ ಖಾತೆಗೆ ಕೂಡುತ್ತದೆ. ನಡುವೆ ಸುದ್ದಿ ಮುಟ್ಟಿಸುವುದು ಎನ್‌ಪಿಸಿಐ, 2016ರಲ್ಲಿ ಯುಪಿಐ ಶುರು ಮಾಡಿದ ಸಂಸ್ಥೆ. ಇಲ್ಲಿ ಒಂದು ಸ್ವಾರಸ್ಯ ಇದೆ. ನಮಗೆ ಟಣ್ ಅಂದ ಗಳಿಗೆಯಲ್ಲಿ ಆ ಬ್ಯಾಂಕಿನಿಂದ ಈ ಬ್ಯಾಂಕಿಗೆ ದುಡ್ಡು ಇನ್ನೂ ಹೋಗಿರುವುದಿಲ್ಲ. ಎರಡೂ ಬ್ಯಾಂಕುಗಳು ಪುಸ್ತಕದಲ್ಲಿ ಬರೆದುಕೊಂಡಿರುತ್ತವೆ ಅಷ್ಟೆ. ದಿನದಲ್ಲಿ ಹಲವು ಸಲ ಎಲ್ಲ ಬ್ಯಾಂಕುಗಳ ಕೊಡುವುದು ತೆಗೆದುಕೊಳ್ಳುವುದನ್ನು ಒಟ್ಟು ಹಾಕಿ, ಬಾಕಿಯನ್ನು ಮಾತ್ರ ರಿಸರ್ವ್ ಬ್ಯಾಂಕಿನಲ್ಲಿ ಚುಕ್ತಾ ಮಾಡುತ್ತಾರೆ. ಆದರೆ ನಮ್ಮ ಬ್ಯಾಂಕ್ ಅಲ್ಲಿಯವರೆಗೆ ನಮ್ಮನ್ನು ಕಾಯಿಸುವುದಿಲ್ಲ, ಮೊದಲೇ ಖಾತೆಗೆ ಜಮಾ ಮಾಡಿಬಿಡುತ್ತದೆ. ಅದಕ್ಕೇ ತಕ್ಷಣ ಬಂದಂತೆ ಕಾಣುವುದು.

ಸೈಟಿನಲ್ಲಿ ಕಟ್ಟಿದಾಗ ನಡುವೆ ಇನ್ನೊಬ್ಬರು ಬರುತ್ತಾರೆ. ಸೈಟ್ ಮಾಡುವವರು ಅವರನ್ನು ಪೇಮೆಂಟ್ ಗೇಟ್‌ವೇ ಅನ್ನುತ್ತಾರೆ, ರಿಸರ್ವ್ ಬ್ಯಾಂಕಿನ ಕಾಗದದಲ್ಲಿ ಪೇಮೆಂಟ್ ಅಗ್ರಿಗೇಟರ್. ಯುಪಿಐ, ಡೆಬಿಟ್ ಕಾರ್ಡ್, ಕ್ರೆಡಿಟ್ ಕಾರ್ಡ್, ನೆಟ್ ಬ್ಯಾಂಕಿಂಗ್ ಎಲ್ಲವನ್ನೂ ಒಂದೇ ಬಟನ್ನಿನ ಕೆಳಗೆ ತರುವುದು ಇವರ ಕೆಲಸ. ಬೆಂಗಳೂರಿನ ಗ್ರಾಹಕರು ಕಟ್ಟಿದ ₹500 ಸೀದಾ ಸಂಘದ ಖಾತೆಗೆ ಬರುವುದಿಲ್ಲ. ಮೊದಲು ಹೋಗುವುದು ಗೇಟ್‌ವೇ ಕಂಪನಿ ಒಂದು ಬ್ಯಾಂಕಿನಲ್ಲಿ ಇಟ್ಟಿರುವ ಎಸ್ಕ್ರೋ ಖಾತೆಗೆ. ಎಸ್ಕ್ರೋ ಅಂದರೆ ಬೇರೆಯವರ ದುಡ್ಡನ್ನು ಜೋಪಾನವಾಗಿಡುವ ಖಾತೆ. ಕಂಪನಿ ತನ್ನ ಸಂಬಳಕ್ಕೋ ಬಾಡಿಗೆಗೋ ಅದನ್ನು ಮುಟ್ಟುವಂತಿಲ್ಲ. 2020ರ ಮಾರ್ಚ್ 17ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಮಾರ್ಗಸೂಚಿಯಲ್ಲಿ ಈ ಕಟ್ಟಳೆ ಬಂತು. 2025ರ ಸೆಪ್ಟೆಂಬರಿನ ಹೊಸ ನಿರ್ದೇಶನದಲ್ಲೂ ಅದು ಉಳಿದಿದೆ.

ಅತ್ತಿಗೆಗೆ ಇದು ಅರ್ಥವಾದದ್ದು ಡೈರಿಯ ಹೋಲಿಕೆಯಿಂದ. ಬೆಳಿಗ್ಗೆ ಹಾಲು ಹಾಕಿದ ಕೂಡಲೇ ಚೀಟಿ ಸಿಗುತ್ತದೆ. ಎಷ್ಟು ಲೀಟರ್, ಎಷ್ಟು ಫ್ಯಾಟ್, ಎಷ್ಟು ರೂಪಾಯಿ ಎಲ್ಲ ಅದರಲ್ಲಿರುತ್ತದೆ. ಆದರೆ ದುಡ್ಡು ಬರುವುದು ಬಟವಾಡೆ ದಿನ. ಚೀಟಿ ಸಿಕ್ಕ ದಿನವೇ ಆ ದುಡ್ಡಿಗೆ ಯಾರೂ ಹಿಂಡಿ ತರಲು ಹೋಗುವುದಿಲ್ಲ. ಸೈಟಿನ ಡ್ಯಾಶ್‌ಬೋರ್ಡಿನಲ್ಲಿ ಕಾಣುವ ₹19,000 ಆ ಚೀಟಿ. ಗೇಟ್‌ವೇಯವರು ಸೆಟ್ಲ್‌ಮೆಂಟ್ ಅನ್ನುವುದು ಬಟವಾಡೆಗೆ.

ಬಟವಾಡೆ ಯಾವತ್ತು ಅನ್ನುವುದನ್ನು ಅವರು `T+2` ಅಂತ ಬರೆದಿರುತ್ತಾರೆ. `T` ಅಂದರೆ ಗ್ರಾಹಕರು ದುಡ್ಡು ಕಟ್ಟಿದ ದಿನ. ಅದಾದ ಮೇಲೆ ಎರಡು ಕೆಲಸದ ದಿನ. ಇಲ್ಲಿ 'ಕೆಲಸದ' ಅನ್ನುವ ಪದವೇ ಮುಖ್ಯ. ಭಾನುವಾರ ಲೆಕ್ಕಕ್ಕಿಲ್ಲ, ಎರಡನೇ ಮತ್ತು ನಾಲ್ಕನೇ ಶನಿವಾರ ಲೆಕ್ಕಕ್ಕಿಲ್ಲ, ಬ್ಯಾಂಕ್ ರಜೆಯ ಹಬ್ಬಗಳೂ ಲೆಕ್ಕಕ್ಕಿಲ್ಲ. ಕೆಲವು ಗೇಟ್‌ವೇಗಳು `T+1` ಕೊಡುತ್ತವೆ, ಹೊಸ ಖಾತೆಗೆ ಇನ್ನೂ ಹೆಚ್ಚು ದಿನ ಹಿಡಿಯುವುದೂ ಉಂಟು. ನಿಮ್ಮದು ಎಷ್ಟು ಅನ್ನುವುದು ಖಾತೆ ತೆರೆಯುವಾಗ ಒಪ್ಪಿದ ಕರಾರಿನಲ್ಲೇ ಇರುತ್ತದೆ, ಡ್ಯಾಶ್‌ಬೋರ್ಡಿನಲ್ಲೂ ಕಾಣುತ್ತದೆ.

ಈಗ ಆ ವಾರವನ್ನು ಬೆರಳಲ್ಲಿ ಎಣಿಸೋಣ. ಅಕ್ಟೋಬರ್ 11 ಎರಡನೇ ಶನಿವಾರ, 12 ಭಾನುವಾರ. ಶುಕ್ರವಾರ ಕಟ್ಟಿದ್ದಕ್ಕೆ ಮೊದಲ ಕೆಲಸದ ದಿನ ಸೋಮವಾರ, ಎರಡನೆಯದು ಮಂಗಳವಾರ. ಶನಿವಾರ ಕಟ್ಟಿದ್ದಕ್ಕೂ ಮೊದಲನೆಯದು ಸೋಮವಾರ, ಎರಡನೆಯದು ಮಂಗಳವಾರ. ಭಾನುವಾರದ್ದೂ ಹಾಗೆಯೇ. ಅಂದರೆ ಮೂರು ದಿನದ ದುಡ್ಡು ಒಂದೇ ಗಂಟಾಗಿ 14ನೇ ತಾರೀಕು ಮಂಗಳವಾರ ಬರಬೇಕು, ಬಂದದ್ದೂ ಅವತ್ತೇ. ಶುಕ್ರವಾರ ಸಂಜೆ ಕಟ್ಟಿದವರಿಗೂ ಭಾನುವಾರ ರಾತ್ರಿ ಕಟ್ಟಿದವರಿಗೂ ನಮ್ಮ ಪಾಲಿಗೆ ವ್ಯತ್ಯಾಸವಿಲ್ಲ. ಆದರೆ ಗುರುವಾರ ಕಟ್ಟಿದವರಿಗೂ ಶುಕ್ರವಾರ ಕಟ್ಟಿದವರಿಗೂ ವ್ಯತ್ಯಾಸ ಇದೆ. ಗುರುವಾರ 6 ಆರ್ಡರ್ ಬಂದಿತ್ತು. ಅವಕ್ಕೆ ಶುಕ್ರವಾರ ಒಂದು, ಸೋಮವಾರ ಎರಡು. ಆ ದುಡ್ಡು ಸೋಮವಾರ ಮಧ್ಯಾಹ್ನ ಬಂತು.

ಎನ್‌ಇಎಫ್‌ಟಿ 2019ರ ಡಿಸೆಂಬರಿನಿಂದ ದಿನದ 24 ಗಂಟೆಯೂ ನಡೆಯುತ್ತದಲ್ಲ, ಮತ್ತೆ ಭಾನುವಾರ ಯಾಕೆ ಕಳಿಸಲ್ಲ ಅಂತ ನನಗೂ ಅನಿಸಿತ್ತು. ಕಳಿಸುವ ದಾರಿ ತೆರೆದಿದೆ, ನಿಜ. ಆದರೆ ಕಳಿಸುವ ಮೊದಲು ಗೇಟ್‌ವೇಗೆ ಎರಡು ಕೆಲಸ ಇರುತ್ತದೆ. ಬ್ಯಾಂಕಿನಿಂದ ದುಡ್ಡು ನಿಜವಾಗಿ ತನ್ನ ಎಸ್ಕ್ರೋ ಖಾತೆಗೆ ಬಂದಿರಬೇಕು. ಬ್ಯಾಂಕ್ ಕೊಡುವ ಪಟ್ಟಿಯನ್ನೂ ತನ್ನ ಪಟ್ಟಿಯನ್ನೂ ಸಾಲು ಸಾಲಾಗಿ ತಾಳೆ ನೋಡಬೇಕು. ಕಾರ್ಡಿನ ವಿಷಯದಲ್ಲಿ ಇದು ಇನ್ನೂ ನಿಧಾನ. ಕಾರ್ಡ್ ನಂಬರ್ ಹಾಕಿ ಓಟಿಪಿ ಕೊಟ್ಟಾಗ ಗ್ರಾಹಕರ ಬ್ಯಾಂಕ್ 'ಸರಿ, ಇಷ್ಟು ಕೊಡುತ್ತೇನೆ' ಅಂತ ಒಪ್ಪಿಗೆ ಕೊಡುತ್ತದೆ, ಅಷ್ಟೇ. ದುಡ್ಡು ಹೊರಡುವುದು ಆಮೇಲೆ, ಕಾರ್ಡ್ ಕಂಪನಿಗಳ ಲೆಕ್ಕ ಬ್ಯಾಂಕುಗಳ ನಡುವೆ ಚುಕ್ತಾ ಆದಾಗ, ಅದೂ ಬ್ಯಾಂಕಿನ ಕೆಲಸದ ದಿನಗಳಲ್ಲಿ. ಗೇಟ್‌ವೇಯವರು ಯುಪಿಐಗೂ ಕಾರ್ಡಿಗೂ ಒಂದೇ ಬಟವಾಡೆ ದಿನ ಇಟ್ಟುಕೊಳ್ಳುವುದರಿಂದ ತಕ್ಷಣ ಬರಬಹುದಾದ ಯುಪಿಐ ದುಡ್ಡೂ ಕಾರ್ಡಿನ ಜತೆ ಸರತಿಯಲ್ಲಿ ನಿಲ್ಲುತ್ತದೆ. ಯುಪಿಐ ನಿಧಾನ ಅಂತ ಬೈಯುವವರು ಇದನ್ನು ನೋಡಬೇಕು.

ಬೇಗ ಬೇಕು ಅಂದರೆ ಅದಕ್ಕೂ ಒಂದು ಬಟನ್ ಇದೆ. ಸ್ವಲ್ಪ ಹೆಚ್ಚು ಶುಲ್ಕ ಕೊಟ್ಟರೆ ರಜೆಯ ದಿನವೂ ಕಳಿಸುತ್ತಾರೆ. ಆದರೆ ಸಂಘದ ಖಾತೆ ತೆರೆದು ತಿಂಗಳೂ ಆಗಿರಲಿಲ್ಲ. ಹೊಸಬರಿಗೆ ಆ ಸೌಲಭ್ಯ ಇಲ್ಲ ಅಂತ ಪರದೆಯೇ ಹೇಳಿತು. ಅದರಲ್ಲಿ ತಪ್ಪು ಹುಡುಕುವುದೂ ಕಷ್ಟ. ಸಾಮಾನು ಕಳಿಸದೆ ದುಡ್ಡು ಎತ್ತಿಕೊಂಡು ಓಡುವವರೂ ಹೊಸ ಖಾತೆಯವರೇ ಅಲ್ಲವೇ.

ಸೋಮವಾರ ಆದದ್ದು ಇಷ್ಟು. ಗುರುವಾರದ 6 ಆರ್ಡರಿನಿಂದ ₹2,929.20 ಬಂದಿತ್ತು. ಹುಣಸೂರಿನಲ್ಲೇ ಪರಿಚಯದವರಿಗೆ ಕೊರಿಯರ್ ಇಲ್ಲದೆ ₹430ರಂತೆ ಮಾರಿದ 10 ಡಬ್ಬಿಯ ದುಡ್ಡು ₹4,300 ಕ್ಯೂಆರ್ ಮೂಲಕ ಮೊದಲೇ ಖಾತೆಯಲ್ಲಿತ್ತು. ಎರಡೂ ಸೇರಿ ₹7,229.20. ಜೇನಿನವರಿಗೆ ₹3,000 ಕೊಟ್ಟರೆ ಉಳಿದದ್ದು ₹4,229.20. ಒಂದು ಕ್ವಿಂಟಲ್ ರಾಗಿಗೇ ₹4,500 ಬೇಕು. ಅತ್ತಿಗೆ ತಮ್ಮ ಕೈಯಿಂದ ₹300 ಹಾಕಿ ಒಂದು ಕ್ವಿಂಟಲ್ ಇಳಿಸಿಕೊಂಡರು. ಇನ್ನೊಂದು ಕ್ವಿಂಟಲ್ ಬಂದ ಗಾಡಿಯಲ್ಲೇ ವಾಪಸ್ ಹೋಯಿತು. "ನಾಳೆ ದುಡ್ಡು ಬರುತ್ತೆ ಅಣ್ಣಾ" ಅಂದರೆ, "ನಾಳೆ ನಾನು ಬರಲ್ವಲ್ಲಮ್ಮಾ" ಅಂದರು ಅವರು. ಅವರದೂ ಸರಿಯೇ. ಆಮೇಲೆ ಆ ವಾರದ ಕೊನೆಗೆ ಹಿಟ್ಟು ಸಾಲದೆ ಪೇಟೆಯಲ್ಲಿ ಒಂದು ಕ್ವಿಂಟಲ್ ತಂದದ್ದು ಕೆಜಿಗೆ ₹52ರಂತೆ, ₹700 ಹೆಚ್ಚಿಗೆ.

ಈ ₹700 ನೆನಪಿಟ್ಟುಕೊಳ್ಳಿ. ಶುಲ್ಕದ ಬಗ್ಗೆ ಜಗಳ ಆಡುವಾಗ ಬೇಕಾಗುತ್ತದೆ.

ಮಂಗಳವಾರ ಮಧ್ಯಾಹ್ನ ಮೆಸೇಜ್ ಬಂತು. ಖಾತೆಗೆ ₹18,051.60 ಜಮಾ, ಒಂದೇ ಸಾಲು. ಸಂಘದ ಲೆಕ್ಕ ಬರೆಯುವ ಹುಡುಗಿ ಪಿಯುಸಿ ಓದಿದವಳು, ಚುರುಕು. "38 ಸಲ 500 ಅಂದ್ರೆ 19,000. ₹948.40 ಎಲ್ಲಿ ಹೋಯ್ತಣ್ಣಾ?" ಅಂದಳು. ಪುಸ್ತಕದಲ್ಲಿ ಕೆಂಪು ಗೆರೆಯನ್ನೂ ಎಳೆದಿದ್ದಳು.

ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಅಲ್ಲಿ ಇರುವುದು ಒಟ್ಟು ಮೊತ್ತ ಮತ್ತು ಯುಟಿಆರ್ ಅನ್ನುವ ಒಂದು ನಂಬರ್ ಮಾತ್ರ. ಅದೇ ನಂಬರನ್ನು ಗೇಟ್‌ವೇಯ ಡ್ಯಾಶ್‌ಬೋರ್ಡಿನಲ್ಲಿ `Settlements` ಅನ್ನುವ ಕಡೆ ಹುಡುಕಿದರೆ ಆ ಗಂಟಿನೊಳಗೆ ಯಾವ ಯಾವ ಆರ್ಡರ್ ಇದೆ, ಪ್ರತಿಯೊಂದರಲ್ಲೂ ಎಷ್ಟು ಹಿಡಿದರು ಅಂತ ಪಟ್ಟಿ ತೆರೆದುಕೊಳ್ಳುತ್ತದೆ. ಒಂದು ಆರ್ಡರ್ ತೆಗೆದುಕೊಳ್ಳಿ. ₹500ಕ್ಕೆ ನೂರಕ್ಕೆ ಎರಡರಂತೆ ಶುಲ್ಕ ₹10. ಆ ಹತ್ತು ರೂಪಾಯಿ ಮೇಲೆ 18% ಜಿಎಸ್‌ಟಿ ₹1.80. ಜಿಎಸ್‌ಟಿ ಹಾಕುವುದು ಐನೂರರ ಮೇಲಲ್ಲ, ಹತ್ತರ ಮೇಲೆ. ಇದನ್ನು ತುಂಬ ಜನ ತಪ್ಪು ತಿಳಿದು ಹೆದರುತ್ತಾರೆ. ಕೈಗೆ ಬರುವುದು ₹488.20. 38ಕ್ಕೆ ಶುಲ್ಕ ₹380, ಜಿಎಸ್‌ಟಿ ₹68.40, ಸೇರಿ ₹448.40. ಉಳಿದ ₹500 ಒಬ್ಬ ಗ್ರಾಹಕಿಗೆ ವಾಪಸ್ ಕೊಟ್ಟದ್ದು, ಅದನ್ನು ಮುಂದೆ ಹೇಳುತ್ತೇನೆ. ಎರಡೂ ಕೂಡಿದರೆ ಸರಿಯಾಗಿ ₹948.40. ಹುಡುಗಿ ಕೆಂಪು ಗೆರೆ ಅಳಿಸಿದಳು.

"ಯುಪಿಐಗೆ ಶುಲ್ಕ ಇಲ್ಲ ಅಂತಾರಲ್ಲ?" ಅಂತ ಅತ್ತಿಗೆ ಕೇಳಿದರು. 2020ರ ಜನವರಿ 1ರಿಂದ ಯುಪಿಐಗೂ ರುಪೇ ಡೆಬಿಟ್ ಕಾರ್ಡಿಗೂ ವ್ಯಾಪಾರಿಯಿಂದ ಎಂಡಿಆರ್ ಹಿಡಿಯುವಂತಿಲ್ಲ ಅನ್ನುವುದು ನಿಜ. ಎಂಡಿಆರ್ ಅಂದರೆ ಬ್ಯಾಂಕುಗಳು ವ್ಯಾಪಾರಿಯಿಂದ ತೆಗೆದುಕೊಳ್ಳುವ ಪಾಲು. ಆದರೆ ಗೇಟ್‌ವೇ ಕಂಪನಿ ತನ್ನ ಸಾಫ್ಟ್‌ವೇರ್ ಬಳಸಿದ್ದಕ್ಕೆ ಅಂತ ಬೇರೆ ಶುಲ್ಕ ಹಾಕಬಹುದು, ಹಾಕುತ್ತದೆ. ಕೆಲವು ಕಂಪನಿಗಳು ಯುಪಿಐಗೆ ಕಡಿಮೆ, ಕ್ರೆಡಿಟ್ ಕಾರ್ಡಿಗೆ ಹೆಚ್ಚು ಇಡುತ್ತವೆ. ಈ ಸಂಘಕ್ಕೆ ಎಲ್ಲಕ್ಕೂ ಒಂದೇ ದರ. ಯುಪಿಐಯವರೇ ಹೆಚ್ಚಿರುವ ಇಂಥ ವ್ಯಾಪಾರಕ್ಕೆ ಯುಪಿಐ ದರ ಬೇರೆ ಇರುವ ಕಂಪನಿಯೇ ಲಾಭ ಅಂತ ನನ್ನ ಅಭಿಪ್ರಾಯ. ಆದರೂ ಲೆಕ್ಕ ನೋಡಿ: ಆ ಮೂರು ದಿನದ ಶುಲ್ಕ ₹448.40, ದಿನ ತಿಳಿಯದೆ ರಾಗಿ ವಾಪಸ್ ಹೋದದ್ದಕ್ಕೆ ಹೋದದ್ದು ₹700.

ಈಗ ಆ ವಾಪಸ್ ಕೊಟ್ಟ ₹500. ಭಾನುವಾರ ಮೈಸೂರಿನ ಒಬ್ಬ ಗ್ರಾಹಕಿ ಫೋನ್ ಮಾಡಿದರು. ಯುಪಿಐ ಆ್ಯಪಿನಲ್ಲಿ ಪಿನ್ ಹಾಕಿದ್ದಾರೆ, ಖಾತೆಯಿಂದ ₹500 ಕಡಿತವಾಗಿದೆ, ಆದರೆ ಸೈಟ್ ಮಾತ್ರ 'ಪಾವತಿ ವಿಫಲ' ಅಂತ ತೋರಿಸಿದೆ. ಸ್ಕ್ರೀನ್‌ಶಾಟ್ ಕಳಿಸಿ, ಡಬ್ಬಿ ಕಳಿಸುತ್ತೀರೋ ಇಲ್ಲವೋ ಅಂತ ಕೇಳಿದರು. ನಾವು ಉತ್ತರ ಕೊಡುವ ಮೊದಲೇ ಇನ್ನೊಂದು ಸಲ ಕಟ್ಟಿಯೂ ಬಿಟ್ಟರು. ಎರಡನೆಯದು ಸರಿಯಾಗಿ ಆಯಿತು.

ಇಂಥ ಕಡೆ ಎರಡು ಸಾಧ್ಯತೆ ಇರುತ್ತದೆ, ಎರಡಕ್ಕೂ ಮಾಡಬೇಕಾದ ಕೆಲಸ ಬೇರೆ ಬೇರೆ. ಒಂದು, ದುಡ್ಡು ಗ್ರಾಹಕರ ಬ್ಯಾಂಕಿನಿಂದ ಹೊರಟು ದಾರಿಯಲ್ಲೇ ನಿಂತಿದೆ, ನಮ್ಮ ಕಡೆಗೆ ಬಂದೇ ಇಲ್ಲ. ಆಗ ನಾವು ಏನೂ ಕೊಡಬೇಕಿಲ್ಲ. ಬ್ಯಾಂಕೇ ತಾನಾಗಿ ಹಿಂತಿರುಗಿಸಬೇಕು. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆ ಪ್ರಕಾರ ವ್ಯಾಪಾರಿಗೆ ಕಟ್ಟಿದ ಯುಪಿಐ ದುಡ್ಡು ಹೀಗೆ ಸಿಕ್ಕಿಕೊಂಡರೆ ಐದು ದಿನದೊಳಗೆ ವಾಪಸ್ ಜಮಾ ಆಗಬೇಕು. ತಡವಾದರೆ ದಿನಕ್ಕೆ ₹100ರಂತೆ ಗ್ರಾಹಕರಿಗೆ ಪರಿಹಾರ ಕೊಡಬೇಕು. ಆನ್‌ಲೈನ್ ಕಾರ್ಡ್ ಪಾವತಿಗೂ ಇದೇ ಗಡುವು. ಎರಡನೆಯ ಸಾಧ್ಯತೆ, ದುಡ್ಡು ಗೇಟ್‌ವೇಗೆ ಬಂದಿದೆ, ಆದರೆ ತಡವಾಗಿ ಬಂದಿದೆ. ಸೈಟ್ ಕಾದು ಕಾದು 'ವಿಫಲ' ಅಂದ ಮೇಲೆ ಬಂದಿದೆ. ಆಗ ಆ ದುಡ್ಡು ನಮ್ಮ ಹೆಸರಿನಲ್ಲೇ ಕೂತಿರುತ್ತದೆ, ನಾವೇ ಹಿಂತಿರುಗಿಸಬೇಕು. ಬ್ಯಾಂಕ್ ತಾನಾಗಿ ಕೊಡುವುದಿಲ್ಲ.

ಯಾವುದು ಅಂತ ತಿಳಿಯುವುದು ಸ್ಕ್ರೀನ್‌ಶಾಟಿನಿಂದಲ್ಲ. ಸ್ಕ್ರೀನ್‌ಶಾಟನ್ನು ಯಾರು ಹೇಗೆ ಬೇಕಾದರೂ ತಿದ್ದಬಹುದು. ಅದರಲ್ಲಿ ಕೆಲಸಕ್ಕೆ ಬರುವುದು ಒಂದೇ, ಯುಪಿಐ ವ್ಯವಹಾರದ 12 ಅಂಕಿಯ ನಂಬರ್. ಅದನ್ನು ಡ್ಯಾಶ್‌ಬೋರ್ಡಿನಲ್ಲಿ ಹುಡುಕಿ ಆ ಪಾವತಿಯ ಎದುರು ಏನಿದೆ ನೋಡಬೇಕು. `failed` ಅಂತಲೇ ಉಳಿದಿದ್ದರೆ ಅಥವಾ ನಂಬರೇ ಸಿಗದಿದ್ದರೆ ಮೊದಲನೆಯದು, ಬ್ಯಾಂಕಿನ ದಾರಿ ಕಾಯಬೇಕು. `captured` ಅಂತ ಇದ್ದರೆ ದುಡ್ಡು ನಮ್ಮ ಲೆಕ್ಕಕ್ಕೆ ಬಂದಿದೆ. `authorized` ಅಂತ ಇದ್ದರೆ ಗ್ರಾಹಕರ ಬ್ಯಾಂಕ್ ಒಪ್ಪಿದೆ, ಆದರೆ ನಾವು ಇನ್ನೂ ತೆಗೆದುಕೊಂಡಿಲ್ಲ ಅಂತ ಅರ್ಥ. ಹಾಗೇ ಬಿಟ್ಟರೆ ಕೆಲವು ದಿನಕ್ಕೆ ಅದು ಗ್ರಾಹಕರಿಗೆ ತಾನೇ ವಾಪಸ್ ಹೋಗುತ್ತದೆ. ಡಬ್ಬಿ ಕಳಿಸಿ ದುಡ್ಡು ಕಳೆದುಕೊಳ್ಳುವವರು ಹೆಚ್ಚಾಗಿ ಸಿಕ್ಕಿಬೀಳುವುದು ಈ ಮೂರನೆಯ ಪದದಲ್ಲಿ. ಬಂದ ಪಾವತಿಯನ್ನೆಲ್ಲ ತಾನಾಗಿ ತೆಗೆದುಕೊಳ್ಳುವ ಹಾಗೆ ಸೆಟ್ಟಿಂಗ್ಸಿನಲ್ಲಿ ಒಂದು ಸಲ ಹಾಕಿಟ್ಟರೆ ಆ ಚಿಂತೆ ಇರುವುದಿಲ್ಲ.

ಮೈಸೂರಿನವರ ಮೊದಲ ಪಾವತಿ ಎರಡನೆಯ ಜಾತಿಯದು. ಸೋಮವಾರ ಬೆಳಿಗ್ಗೆ ನೋಡಿದರೆ `captured`. ಅಂದರೆ 38 ಪಾವತಿಯಲ್ಲಿ ಇಬ್ಬರ ಜಾಗದಲ್ಲಿ ಇವರೊಬ್ಬರೇ ಇದ್ದರು, ಕಟ್ಟಬೇಕಾದ ಡಬ್ಬಿ 37. ಅತ್ತಿಗೆ ಅಲ್ಲೇ ರೀಫಂಡ್ ಒತ್ತಿದರು. ಆ ₹500 ಸಂಘದ ಬ್ಯಾಂಕ್ ಖಾತೆಯಿಂದ ಹೋಗಲಿಲ್ಲ. ಮಂಗಳವಾರ ಬರಬೇಕಿದ್ದ ಗಂಟಿನಲ್ಲೇ ಕಳೆದುಕೊಂಡರು. ಮೊದಲು ಹಿಡಿದ ₹11.80 ಶುಲ್ಕ ಮಾತ್ರ ವಾಪಸ್ ಬರಲಿಲ್ಲ, ಅದು ಸಂಘದ ಕೈಯಿಂದ. ಇನ್ನೊಂದು ವಿಷಯ ಗ್ರಾಹಕರಿಗೆ ಮೊದಲೇ ಹೇಳಬೇಕು. ನಾವು ರೀಫಂಡ್ ಒತ್ತಿದ ಗಳಿಗೆಯಲ್ಲಿ ಅವರಿಗೆ ಬರುವುದಿಲ್ಲ, ವಾರದ ತನಕ ಹಿಡಿಯಬಹುದು. ಅತ್ತಿಗೆ ರೀಫಂಡ್ ನಂಬರನ್ನು ವಾಟ್ಸಾಪಿನಲ್ಲಿ ಕಳಿಸಿದ ಮೇಲೆ ಆಯಮ್ಮ ಮತ್ತೆ ಫೋನ್ ಮಾಡಲಿಲ್ಲ.

ಹೀಗೆ 'ವಿಫಲ' ತೋರಿಸಿದ್ದು ಯಾಕೆ ಅಂತ ಸೈಟ್ ಮಾಡಿದ ಹುಡುಗನನ್ನು ಕೇಳಿದೆವು. ಗ್ರಾಹಕರು ಪಿನ್ ಹಾಕಲು ಯುಪಿಐ ಆ್ಯಪಿಗೆ ಹೋಗುತ್ತಾರೆ. ಕಟ್ಟಿದ ಮೇಲೆ ಬ್ರೌಸರಿಗೆ ವಾಪಸ್ ಬಂದರೆ ಮಾತ್ರ ಸೈಟಿಗೆ ಸುದ್ದಿ ಮುಟ್ಟುವ ಹಾಗೆ ಇತ್ತು. ಎಚ್.ಡಿ. ಕೋಟೆಯ ಕಾಡಂಚಿನಲ್ಲೋ ಬಸ್ಸಿನಲ್ಲೋ ಕೂತು ಕಟ್ಟುವವರಿಗೆ ನಡುವೆ ಸಿಗ್ನಲ್ ಹೋಯಿತೆಂದರೆ ಸುದ್ದಿ ಅಲ್ಲೇ ಕಡಿಯುತ್ತದೆ. ಇದಕ್ಕೆ ವೆಬ್‌ಹುಕ್ ಅಂತ ಒಂದು ಏರ್ಪಾಡಿದೆ. ಗ್ರಾಹಕರ ಫೋನನ್ನು ನಂಬಿ ಕೂರದೆ, ಗೇಟ್‌ವೇಯ ಕಂಪ್ಯೂಟರೇ ನಮ್ಮ ಸೈಟಿನ ಕಂಪ್ಯೂಟರಿಗೆ ನೇರವಾಗಿ ತಿಳಿಸುತ್ತದೆ. ಹಾಲು ಹಾಕಿದವರು ಚೀಟಿ ಕಳೆದುಕೊಂಡರೂ ಡೈರಿ ಪುಸ್ತಕದಲ್ಲಿ ಬರೆದೇ ಇರುತ್ತದಲ್ಲ, ಹಾಗೆ. ಬರುವ ಸುದ್ದಿಯಲ್ಲಿ ಮುಖ್ಯವಾದ ಸಾಲುಗಳು ಹೀಗಿರುತ್ತವೆ:

```
"event": "payment.captured"
"amount": 50000
"currency": "INR"
"method": "upi"
```

50000 ಅಂತ ನೋಡಿ ಗಾಬರಿಯಾಗಬೇಡಿ, ಅದು ಪೈಸೆಯ ಲೆಕ್ಕ, ₹500. ಈ ಸುದ್ದಿ ಬಂದರೆ ಮಾತ್ರ ಆರ್ಡರ್ ಪಕ್ಕಾ ಆಗಬೇಕು. ಅದು ಗೇಟ್‌ವೇಯಿಂದಲೇ ಬಂದದ್ದೋ, ಮೊತ್ತ ನಾವು ಕೇಳಿದಷ್ಟೇ ಇದೆಯೋ ಅನ್ನುವುದನ್ನೂ ಸೈಟ್ ಪರೀಕ್ಷಿಸಬೇಕು. ಒಂದೇ ಸುದ್ದಿ ಎರಡು ಸಲ ಬರುವುದೂ ಉಂಟು, ಎರಡು ಡಬ್ಬಿ ಅಂತ ಎಣಿಸಬಾರದು. ಹುಡುಗ ಒಂದು ಸಂಜೆಯಲ್ಲಿ ಇದನ್ನು ಹಾಕಿಕೊಟ್ಟ. ನೀವು ಯಾರ ಕೈಲಾದರೂ ಸೈಟ್ ಮಾಡಿಸುವುದಾದರೆ ಬಣ್ಣ, ಫೋಟೊ ನೋಡುವ ಮೊದಲು 'ವೆಬ್‌ಹುಕ್ ಹಾಕಿದ್ದೀಯಾ?' ಅಂತ ಕೇಳಿ.

ಈಗ ಸಂಘದವರು ಎರಡು ದಾರಿಯನ್ನೂ ಇಟ್ಟುಕೊಂಡಿದ್ದಾರೆ. ಹುಣಸೂರು, ಪಿರಿಯಾಪಟ್ಟಣದಲ್ಲಿ ಕೈಗೆ ಕೈ ಕೊಡುವ ಮಾಲಿಗೆ ಬ್ಯಾಂಕಿನ ಕ್ಯೂಆರ್. ಶುಲ್ಕ ಇಲ್ಲ, ದುಡ್ಡು ಆಗಲೇ ಬರುತ್ತದೆ. ಆದರೆ ಯಾರದು ಯಾವ ಆರ್ಡರ್ ಅಂತ ಕೈಯಲ್ಲಿ ತಾಳೆ ನೋಡಬೇಕು. ದಿನಕ್ಕೆ ಹತ್ತು ದಾಟದಿದ್ದರೆ ಅದೇ ಸಾಕು ಅಂತ ನಾನೂ ಹೇಳುತ್ತೇನೆ. ಬೆಂಗಳೂರು, ಮೈಸೂರಿಗೆ ಕೊರಿಯರ್ ಆಗುವ ಆರ್ಡರಿಗೆ ಗೇಟ್‌ವೇ. ಲೆಕ್ಕದ ಪುಸ್ತಕದಲ್ಲಿ ಹುಡುಗಿ ಒಂದು ಕಲಂ ಹೆಚ್ಚಿಗೆ ಎಳೆದಿದ್ದಾಳೆ: 'ಕಟ್ಟಿದ ದಿನ'ದ ಪಕ್ಕದಲ್ಲಿ 'ಬ್ಯಾಂಕಿಗೆ ಬರುವ ದಿನ'. ಕ್ಯಾಲೆಂಡರಿನಲ್ಲಿ ಎರಡನೇ, ನಾಲ್ಕನೇ ಶನಿವಾರಕ್ಕೆ ಸುತ್ತು ಹಾಕಿದ್ದಾಳೆ. ರಾಗಿಯವರಿಗೆ ಈಗ ಸೋಮವಾರ ಬರಲು ಹೇಳುವುದಿಲ್ಲ, ಬುಧವಾರ ಹೇಳುತ್ತಾರೆ. ಮಂಗಳವಾರ ಬರುವ ದುಡ್ಡು ಅರ್ಧ ದಿನ ತಡವಾದರೂ ನಡೆಯುತ್ತದೆ.

ಕಾರ್ಡಿನ ಒಂದು ವಿಷಯ ಹೇಳಿ ಮುಗಿಸುತ್ತೇನೆ, ಅದು ಆಮೇಲೆ ಗೊತ್ತಾದದ್ದು. ಆ 38ರಲ್ಲಿ ಒಂದು ಕ್ರೆಡಿಟ್ ಕಾರ್ಡಿನದು. ಮಂಗಳವಾರವೇ ದುಡ್ಡು ಬಂದಿತ್ತು, ಡಬ್ಬಿಯೂ ಹೋಗಿತ್ತು. ನವೆಂಬರಿನಲ್ಲಿ ಒಂದು ಇಮೇಲ್ ಬಂತು: ಕಾರ್ಡಿನವರು 'ಈ ಖರ್ಚು ನಾನು ಮಾಡಿದ್ದಲ್ಲ' ಅಂತ ಅವರ ಬ್ಯಾಂಕಿಗೆ ದೂರು ಕೊಟ್ಟಿದ್ದಾರೆ. ಇದಕ್ಕೆ ಚಾರ್ಜ್‌ಬ್ಯಾಕ್ ಅನ್ನುತ್ತಾರೆ. ಬಂದು ಸೇರಿದ ದುಡ್ಡನ್ನೂ ಹೀಗೆ ವಾಪಸ್ ಎಳೆಯಬಹುದು, ವಾರಗಳಾದ ಮೇಲೂ. ಅವತ್ತಿನ ಬಟವಾಡೆಯಲ್ಲಿ ₹500 ಕಡಿತ ಮಾಡಿ, ಸಾಕ್ಷಿ ಇದ್ದರೆ ಗಡುವಿನೊಳಗೆ ಕೊಡಿ ಅಂದರು. ಸಾಕ್ಷಿ ಅಂದರೆ ಆರ್ಡರಿನ ವಿವರ, ಕೊರಿಯರ್ ರಸೀದಿ, ತಲುಪಿದ್ದಕ್ಕೆ ಸಹಿ. ಅತ್ತಿಗೆ ಕೊರಿಯರ್ ಚೀಟಿಗಳನ್ನೆಲ್ಲ ಹಳೆಯ ಬಿಸ್ಕತ್ ಡಬ್ಬಿಯಲ್ಲಿ ತುಂಬಿಟ್ಟಿದ್ದರು. ಹುಡುಕಿ ಫೋಟೊ ತೆಗೆದು ಹಾಕಿದೆವು. ಡಬ್ಬಿ ತೆಗೆದುಕೊಂಡದ್ದು ಆ ಮನೆಯ ಮಗಳಂತೆ, ಅಪ್ಪನ ಕಾರ್ಡಿನಿಂದ ಕಟ್ಟಿದ್ದಳಂತೆ. ದೂರು ವಾಪಸಾಗಿ, ಹತ್ತು ಹನ್ನೆರಡು ದಿನಕ್ಕೆ ಆ ₹500 ಇನ್ನೊಂದು ಮಂಗಳವಾರದ ಗಂಟಿನಲ್ಲಿ ಸೇರಿ ಬಂತು.